ಗಟ್ಟಿಯಾದ ಜೇನು: ಕರಗಿಸುವ ಬಗೆ, ಇಡುವ ಬಗೆ, ಮತ್ತು ಕೂಸಿಗೆ ಅದು ಏಕೆ ಕೂಡದು

ಸಂಕ್ರಾಂತಿಯ ಆಸುಪಾಸಿನಲ್ಲಿ ಕಲಬುರಗಿ, ಬೀದರ, ಯಾದಗಿರಿ ಕಡೆಯ ಓದುಗರು ಕೇಳುವ ಪ್ರಶ್ನೆ ವರ್ಷವೂ ಒಂದೇ ಆಗಿರುತ್ತದೆ. ದೀಪಾವಳಿಯ ಹೊತ್ತಿಗೆ ಕೊಂಡ ಜೇನುತುಪ್ಪ ಆಗ ಎಣ್ಣೆಯಂತೆ ತಿಳಿಯಾಗಿತ್ತು, ಈಗ ಬಾಟಲಿಯ ತಳದಿಂದ ಹೆಪ್ಪುಗಟ್ಟಿದ ತುಪ್ಪದಂತೆ ಬೆಳ್ಳಗೆ ಗಟ್ಟಿಯಾಗಿದೆ. ಮಾರಿದವರು ಸಕ್ಕರೆ ಪಾಕ ಬೆರೆಸಿದ್ದಾರೆಯೇ? ಅದರ ಬೆನ್ನಿಗೇ, ಮನೆಯಲ್ಲಿ ಬಾಣಂತಿ ಇದ್ದರೆ, ಎರಡನೆಯ ಪ್ರಶ್ನೆಯೂ ಬರುತ್ತದೆ. ಈ ಜೇನನ್ನು ಚೆನ್ನಾಗಿ ಕಾಯಿಸಿ ಕರಗಿಸಿದರೆ ಕೂಸಿನ ಗುಟ್ಟಿಗೆ ಬಳಸಬಹುದೇ?

ಗಟ್ಟಿಯಾದ ಮಾತ್ರಕ್ಕೆ ಜೇನು ಕಲಬೆರಕೆಯಾಗುವುದಿಲ್ಲ. ಆದರೆ ಒಂದು ವರ್ಷ ತುಂಬದ ಕೂಸಿಗೆ ಯಾವ ಜೇನನ್ನೂ, ಎಷ್ಟು ಶುದ್ಧವಾಗಿದ್ದರೂ, ಎಷ್ಟು ಕಾಯಿಸಿದ್ದರೂ ಕೊಡಬಾರದು. ಈ ಎರಡು ಉತ್ತರಗಳ ನಡುವೆ ಒಂದು ಸಂಬಂಧವಿದೆ. ಹರಳನ್ನು ಕರಗಿಸಲು ಸಾಕಾಗುವ ಶಾಖ ಬೇರೆ, ಕೂಸಿಗೆ ಅಪಾಯ ತರುವ ಜೀವಿಯನ್ನು ಕೊಲ್ಲಲು ಬೇಕಾಗುವ ಶಾಖ ಬೇರೆ. ಅವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಎರಡನೆಯ ಪ್ರಶ್ನೆ ಹುಟ್ಟುತ್ತದೆ. ಆದುದರಿಂದ ಬಾಟಲಿಯಿಂದಲೇ ಆರಂಭಿಸೋಣ.

ಜೇನು ಗಟ್ಟಿಯಾಗುವುದೇಕೆ

ಹೂವಿನ ಮಕರಂದದಲ್ಲಿರುವ ಸಕ್ಕರೆಯನ್ನು ಜೇನುಹುಳ ತನ್ನ ಕಿಣ್ವದಿಂದ, ಎಂದರೆ ಪದಾರ್ಥವನ್ನು ಒಡೆಯುವ ಜೀರ್ಣರಸದಿಂದ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಆಮೇಲೆ ರೆಕ್ಕೆ ಬೀಸಿ ನೀರನ್ನು ಆರಿಸುತ್ತದೆ. ಕೊನೆಗೆ ಉಳಿಯುವ ನೀರು ನೂರು ಗ್ರಾಂ ಜೇನಿನಲ್ಲಿ ಸುಮಾರು 18 ಗ್ರಾಂ ಮಾತ್ರ. ಉಳಿದುದು ಬಹುಪಾಲು ಸಕ್ಕರೆಯೇ. ಇಷ್ಟು ಕಡಿಮೆ ನೀರು ಅಷ್ಟೊಂದು ಸಕ್ಕರೆಯನ್ನು ಬಹುಕಾಲ ಕರಗಿಸಿ ಹಿಡಿದಿಟ್ಟುಕೊಳ್ಳಲಾರದು. ಫ್ರಕ್ಟೋಸ್ ನೀರಿನಲ್ಲಿ ಬಹಳ ಸುಲಭವಾಗಿ ಕರಗುವುದರಿಂದ ಹಾಗೆಯೇ ಉಳಿಯುತ್ತದೆ, ಗ್ಲೂಕೋಸ್ ಅಷ್ಟು ಸುಲಭವಾಗಿ ಕರಗದ ಕಾರಣ ಹೊರಬಂದು ಹರಳುಗಟ್ಟುತ್ತದೆ. ನೀವು ಬಾಟಲಿಯ ತಳದಲ್ಲಿ ಕಾಣುವ ಬಿಳಿ ಪದರು ಗ್ಲೂಕೋಸಿನ ಹರಳು, ಅದರ ಸುತ್ತ ನಿಂತಿರುವುದು ಫ್ರಕ್ಟೋಸ್ ತುಂಬಿದ ದ್ರವ.

ಹೀಗಾಗಿ, ಯಾವ ಹೂವಿನ ಜೇನಿನಲ್ಲಿ ಗ್ಲೂಕೋಸ್ ಹೆಚ್ಚಿರುತ್ತದೆಯೋ ಆ ಜೇನು ಬೇಗ ಗಟ್ಟಿಯಾಗುತ್ತದೆ. ನಮ್ಮ ಕಪ್ಪು ಮಣ್ಣಿನ ಹೊಲಗಳಲ್ಲಿ ಬೆಳೆಯುವ ಸೂರ್ಯಕಾಂತಿ ಇದಕ್ಕೆ ಒಳ್ಳೆಯ ಉದಾಹರಣೆ. ಸೂರ್ಯಕಾಂತಿ ಹೊಲದ ಪಕ್ಕ ಪೆಟ್ಟಿಗೆ ಇಟ್ಟು ತೆಗೆದ ಜೇನು ಕೆಲವೇ ವಾರಗಳಲ್ಲಿ ಹರಳುಗಟ್ಟಬಲ್ಲದು. ಫ್ರಕ್ಟೋಸ್ ಹೆಚ್ಚಿರುವ ಜೇನು ವರ್ಷವಾದರೂ ತಿಳಿಯಾಗಿಯೇ ಉಳಿಯಬಹುದು. ಹರಳು ಬೆಳೆಯಲು ಹಿಡಿದುಕೊಳ್ಳುವ ಒಂದು ಕಣವೂ ಬೇಕಾಗುತ್ತದೆ. ಹೂವಿನ ಪರಾಗ, ಮೇಣದ ಚೂರು, ದೂಳು, ಹಳೆಯ ಜೇನಿನ ಒಂದೇ ಒಂದು ಹರಳು, ಇವುಗಳಲ್ಲಿ ಯಾವುದಾದರೂ ಸಾಕು. ಅಂಗಡಿಯ ದೊಡ್ಡ ಕಂಪನಿಗಳ ಜೇನು ತಿಂಗಳುಗಟ್ಟಲೆ ತಿಳಿಯಾಗಿರಲು ಒಂದು ಕಾರಣ, ಅದನ್ನು ಕಾಯಿಸಿ ನಯವಾದ ಜಾಲರಿಯಲ್ಲಿ ಸೋಸಿ ಈ ಕಣಗಳನ್ನು ತೆಗೆದಿರುತ್ತಾರೆ ಎಂಬುದು. ತಿಳಿಯಾಗಿರುವುದು ಅದರ ಶುದ್ಧತೆಗೆ ಸಾಕ್ಷಿಯಲ್ಲ; ಹಾಗೆಯೇ ಗಟ್ಟಿಯಾಗಿರುವುದು ಕಲಬೆರಕೆಗೆ ಸಾಕ್ಷಿಯಲ್ಲ.

ಮೂರನೆಯ ಕಾರಣ ಚಳಿ. ಹರಳು ಅತ್ಯಂತ ಬೇಗ ಬೆಳೆಯುವುದು ಸುಮಾರು 14 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ. ಬೀದರಿನ ಎತ್ತರದ ನೆಲದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಈ ಅಂಕಿಯ ಹತ್ತಿರ ಬರುವುದು ಸಾಮಾನ್ಯ. ಕಲಬುರಗಿ, ಯಾದಗಿರಿಯ ಚಳಿಯೂ ಅದರಿಂದ ಬಹಳ ದೂರವಿಲ್ಲ. ಏಪ್ರಿಲ್ ಬಂದು ಬಿಸಿಲು 40 ಡಿಗ್ರಿ ದಾಟಿದಾಗ ಅದೇ ಬಾಟಲಿಯಲ್ಲಿ ಹರಳು ತಾನಾಗಿಯೇ ಕರಗತೊಡಗುತ್ತದೆ. ಚಳಿಗಾಲದಲ್ಲಿ ಕೆಟ್ಟಿದ್ದ ಜೇನು ಬೇಸಿಗೆಯಲ್ಲಿ ಸರಿಯಾಯಿತು ಎಂದು ಬರೆಯುವ ಓದುಗರು ನೋಡಿರುವುದು ಇದನ್ನೇ. ಆ ಜೇನು ಆಗಲೂ ಕೆಟ್ಟಿರಲಿಲ್ಲ.

ಬೇಕಾಗುವ ವಸ್ತುಗಳು

ಅಗಲ ಬಾಯಿಯ ಗಾಜಿನ ಬಾಟಲಿ ಅಥವಾ ಪಿಂಗಾಣಿ ಭರಣಿ, ಅದು ಮುಳುಗುವಷ್ಟು ಆಳದ ಒಂದು ಪಾತ್ರೆ, ದಪ್ಪ ಅರಿವೆಯ ತುಂಡು, ಒಣಗಿದ ಉದ್ದ ಚಮಚ ಮತ್ತು ನೀರು ಅಳೆಯಲು ಒಂದು ತಂಬಿಗೆ. ಅಡುಗೆಗೆ ಬಳಸುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಜ್ವರ ನೋಡುವ ಪಾದರಸದ ಥರ್ಮಾಮೀಟರನ್ನು ಮಾತ್ರ ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ. ಅದರ ಅಳತೆ 42 ಡಿಗ್ರಿಗೇ ಮುಗಿಯುತ್ತದೆ. ಅದಕ್ಕಿಂತ ಬಿಸಿಯಾದ ನೀರಿನಲ್ಲಿ ಗಾಜು ಒಡೆದರೆ ಪಾದರಸ ಅಡುಗೆಮನೆಯಲ್ಲಿ ಚೆಲ್ಲುತ್ತದೆ.

1. ಮೊದಲು ಹುದುಗಿದೆಯೇ ಎಂದು ನೋಡಿ

ಹರಳುಗಟ್ಟುವುದು ದೋಷವಲ್ಲದಿದ್ದರೂ ಅದರ ಬೆನ್ನಿಗೆ ಒಂದು ದೋಷ ಬರಬಹುದು. ಅದನ್ನು ತಿಳಿಯಲು ಒಂದು ಕಿಲೋ ಜೇನಿನ ಲೆಕ್ಕವನ್ನು ಮಾಡಿ ನೋಡೋಣ.

ಆ ಒಂದು ಕಿಲೋದಲ್ಲಿ 180 ಗ್ರಾಂ ನೀರು ಇದೆ, ಎಂದರೆ ನೂರಕ್ಕೆ 18 ಪಾಲು, ಎಂದು ಇಟ್ಟುಕೊಳ್ಳಿ. ಚಳಿಗೆ ಅದರಲ್ಲಿ 150 ಗ್ರಾಂ ಗ್ಲೂಕೋಸ್ ಹರಳಾಯಿತು. ಗ್ಲೂಕೋಸ್ ಹರಳಾಗುವಾಗ ತನ್ನ ಜೊತೆ ಸ್ವಲ್ಪ ನೀರನ್ನೂ ಕಟ್ಟಿಕೊಳ್ಳುತ್ತದೆ, ಆದರೆ ಹತ್ತು ಗ್ರಾಂ ಗ್ಲೂಕೋಸಿಗೆ ಒಂದೇ ಗ್ರಾಂ ನೀರು. ಹಾಗಾದರೆ ಹರಳಿನೊಳಗೆ ಹೋದ ನೀರು 15 ಗ್ರಾಂ. ಉಳಿದ ದ್ರವದ ತೂಕ 835 ಗ್ರಾಂ, ಅದರಲ್ಲಿರುವ ನೀರು 165 ಗ್ರಾಂ. ಭಾಗಿಸಿದರೆ ನೂರಕ್ಕೆ ಸುಮಾರು 19.8 ಪಾಲು ಆಗುತ್ತದೆ. ಹೊರಗಿನಿಂದ ಒಂದು ಹನಿಯೂ ಸೇರದೆ, ಹರಳಿನ ಸುತ್ತಲಿನ ದ್ರವ ತೆಳುವಾಯಿತು.

18 ಪಾಲಿನಿಂದ ಆರಂಭಿಸಿದ ಜೇನಿಗೆ ಇದು ಅಂಥ ತೊಂದರೆಯಲ್ಲ. ಆದರೆ ಆರಂಭದಲ್ಲಿಯೇ 20 ಪಾಲು ನೀರಿದ್ದ ಜೇನಿಗೆ ಇದೇ ಲೆಕ್ಕ ಮಾಡಿದರೆ ದ್ರವದಲ್ಲಿ ನೀರು 22 ಪಾಲು ದಾಟುತ್ತದೆ. ಜೇನಿನಲ್ಲಿ ಸಹಜವಾಗಿ ಇರುವ ಹುದುಗು, ಎಂದರೆ ದೋಸೆ ಹಿಟ್ಟಿನಲ್ಲಿ ಗಾಳಿ ಎಬ್ಬಿಸುವಂಥ ಸೂಕ್ಷ್ಮಜೀವಿ, ಸಕ್ಕರೆಯ ಸಾಂದ್ರತೆಯಿಂದ ಅಲ್ಲಿಯವರೆಗೆ ಅಡಗಿ ಕುಳಿತಿದ್ದುದು, ಈಗ ಎದ್ದು ಬೆಳೆಯಲು ತೊಡಗುತ್ತದೆ. ಭಾರತದ ಆಹಾರ ಸುರಕ್ಷತಾ ನಿಯಮದಲ್ಲಿ ಜೇನಿನ ನೀರಿಗೆ 20 ಪಾಲಿನ ಮಿತಿ ಹಾಕಿರುವುದು ಏಕೆಂದು ಈ ಲೆಕ್ಕದಿಂದ ತಿಳಿಯುತ್ತದೆ. ಬಂಡೆ, ದೊಡ್ಡ ಮರಗಳಿಂದ ಇಳಿಸಿದ ಹೆಜ್ಜೇನಿನ ತುಪ್ಪವನ್ನು ಕೈಯಿಂದ ಹಿಂಡಿ ತೆಗೆಯುವಾಗ, ಹುಳಗಳು ಇನ್ನೂ ಆರಿಸಿ ಮೇಣದ ಮುಚ್ಚಳ ಹಾಕದ ಕೋಶಗಳ ಜೇನೂ ಜೊತೆಗೆ ಬರುತ್ತದೆ. ಅಂಥ ಜೇನಿನಲ್ಲಿ ನೀರು ಹೆಚ್ಚಿರುವುದು ಸಾಮಾನ್ಯವಾದುದರಿಂದ, ನೀವು ಅದನ್ನೇ ಕೊಳ್ಳುವವರಾದರೆ ಈ ಹಂತವನ್ನು ಬಿಡಬೇಡಿ.

ಹುದುಗಿದ ಜೇನನ್ನು ಗುರುತಿಸುವುದು ಸುಲಭ. ಮುಚ್ಚಳ ತೆರೆದಾಗ ಗಾಳಿ ಹೊರಬಿದ್ದ ಸದ್ದು ಬರುತ್ತದೆ, ಮೇಲೆ ಸಣ್ಣ ಗುಳ್ಳೆಗಳ ನೊರೆ ನಿಂತಿರುತ್ತದೆ, ವಾಸನೆ ಹುಳಿಯಾಗಿ ಸೇಂದಿಯನ್ನು ನೆನಪಿಸುತ್ತದೆ. ಪ್ಲಾಸ್ಟಿಕ್ ಬಾಟಲಿಯಾದರೆ ಉಬ್ಬಿಕೊಂಡಿರಲೂಬಹುದು. ಬಾಟಲಿ ಬಗ್ಗಿಸಿದಾಗ ಏಳುವ ನೊರೆ ಬೇರೆ. ಅದು ಒಂದೆರಡು ದಿನ ನಿಲ್ಲಿಸಿದರೆ ಹೋಗುತ್ತದೆ, ವಾಸನೆ ಬದಲಾಗಿರುವುದಿಲ್ಲ. ಹುಳಿ ವಾಸನೆ ಬಂದಿದ್ದರೆ ಆ ಜೇನನ್ನು ಮತ್ತೆ ಕಾಯಿಸಿ ಸರಿಪಡಿಸಲು ಹೋಗಬೇಡಿ, ತಿನ್ನುವುದಕ್ಕೂ ಇಡಬೇಡಿ.

2. ಮನೆಯ ಪರೀಕ್ಷೆಗಳನ್ನು ನಂಬಿ ಎಸೆಯಬೇಡಿ

ನೀರಿನ ಲೋಟದಲ್ಲಿ ತಳ ಸೇರಿದರೆ ಅಸಲಿ, ಬತ್ತಿಗೆ ಹಚ್ಚಿ ಕಡ್ಡಿ ಗೀರಿದಾಗ ಉರಿದರೆ ಅಸಲಿ, ಇರುವೆ ಮುತ್ತದಿದ್ದರೆ ಅಸಲಿ ಎಂಬ ಮಾತುಗಳು ಮೊಬೈಲಿನಲ್ಲಿ ಬಹಳ ಓಡಾಡುತ್ತವೆ. ದಪ್ಪ ಸಕ್ಕರೆ ಪಾಕವೂ ನೀರಿನ ತಳ ಸೇರುತ್ತದೆ. ಬತ್ತಿ ಉರಿಯುವುದು ನೀರಿನ ಅಂಶವನ್ನು ಅವಲಂಬಿಸಿದೆಯೇ ಹೊರತು ಶುದ್ಧತೆಯನ್ನಲ್ಲ. ಇರುವೆ ಅಸಲಿ ಜೇನಿಗೂ ಮುತ್ತುತ್ತದೆ. ಕಲಬೆರಕೆಯನ್ನು ತೀರ್ಮಾನಿಸಬಲ್ಲುದು ಪ್ರಯೋಗಾಲಯವೊಂದೇ. ಅನುಮಾನ ಬಲವಾಗಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸುವುದು ಸರಿಯಾದ ದಾರಿ.

3. ಕರಗಿಸುವುದು

ಗಟ್ಟಿಯಾದ ಜೇನನ್ನು ಹಾಗೆಯೇ ತಿನ್ನಬಹುದು ಎಂಬುದನ್ನು ಮೊದಲು ಹೇಳಬೇಕು. ಕಡಕ್ ಜೋಳದ ರೊಟ್ಟಿಯ ಮೇಲೆ ಸವರಲು ಹರಿಯುವ ಜೇನಿಗಿಂತ ಅದೇ ಅನುಕೂಲ, ಮತ್ತು ಕಾಯಿಸದೆ ಉಳಿದ ಜೇನಿನ ಪರಿಮಳವೂ ಹೆಚ್ಚು. ತಿಳಿಯಾಗಿಯೇ ಬೇಕೆಂದಿದ್ದರೆ, ವಾರಕ್ಕೆ ಬೇಕಾಗುವಷ್ಟನ್ನು ಮಾತ್ರ ಬೇರೆ ಬಾಟಲಿಗೆ ತೆಗೆದು ಕರಗಿಸಿರಿ. ಪೂರ್ತಿ ಬಾಟಲಿಯನ್ನು ಮತ್ತೆ ಮತ್ತೆ ಬಿಸಿ ಮಾಡುವುದು ಜೇನಿಗೆ ಒಳ್ಳೆಯದಲ್ಲ.

ನಮಗೆ ಬೇಕಾದುದು 40ರಿಂದ 45 ಡಿಗ್ರಿಯ ನೀರು. ಚಳಿಗಾಲದಲ್ಲಿ ಅದನ್ನು ಅಳತೆಯಿಂದಲೇ ಮಾಡಿಕೊಳ್ಳಬಹುದು. ಒಂದು ತಂಬಿಗೆ ಕುದಿಯುವ ನೀರಿಗೆ, ಮನೆಯೊಳಗೆ ಇಟ್ಟಿದ್ದ ಮೂರು ತಂಬಿಗೆ ತಣ್ಣೀರು ಬೆರೆಸಿ. ತಣ್ಣೀರು 25 ಡಿಗ್ರಿ ಇದ್ದರೆ ಬೆರಕೆ ಸುಮಾರು 44 ಡಿಗ್ರಿಗೆ ನಿಲ್ಲುತ್ತದೆ, ಪಾತ್ರೆ ಸ್ವಲ್ಪ ಶಾಖ ಎಳೆದುಕೊಂಡರೂ 40ರ ಹತ್ತಿರ ಉಳಿಯುತ್ತದೆ. ಕೈ ಅದ್ದಿದರೆ ಬಿಸಿ ಎನ್ನಿಸಬೇಕು, ಆದರೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವಂತಿರಬಾರದು.

ಪಾತ್ರೆಯ ತಳಕ್ಕೆ ಅರಿವೆಯನ್ನು ಮಡಿಸಿ ಹಾಸಿ, ಅದರ ಮೇಲೆ ಜೇನಿನ ಗಾಜಿನ ಬಾಟಲಿಯನ್ನು ನಿಲ್ಲಿಸಿ. ಚಳಿಗೆ ತಣ್ಣಗಾಗಿರುವ ಗಾಜನ್ನು ಒಮ್ಮೆಲೇ ಬಿಸಿನೀರಿಗೆ ಇಳಿಸಿದರೆ ಬಿರುಕು ಬಿಡಬಹುದು. ಆದುದರಿಂದ ಮೊದಲು ಬೆಚ್ಚಗಿನ ನೀರು, ಹತ್ತು ನಿಮಿಷದ ಮೇಲೆ ಬೆರೆಸಿಟ್ಟ ಬಿಸಿನೀರು. ನೀರು ಜೇನಿನ ಮಟ್ಟದವರೆಗೆ ಬರಲಿ, ಮುಚ್ಚಳಕ್ಕೆ ತಾಗದಿರಲಿ. ಮುಚ್ಚಳವನ್ನು ಹಾಕಿಯೇ ಇಡಿ, ಏಕೆಂದರೆ ತೆರೆದಿಟ್ಟ ಜೇನು ಆವಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ನೀರನ್ನು ಬದಲಿಸಿ, ಬಾಟಲಿಯನ್ನು ಒರೆಸಿ ತೆರೆದು, ಒಣ ಚಮಚದಿಂದ ತಳದವರೆಗೆ ನಿಧಾನವಾಗಿ ತಿರುವಿ. ಕಾಲು ಕಿಲೋ ಜೇನಿಗೆ ಒಂದೆರಡು ಗಂಟೆ ಹಿಡಿಯಬಹುದು. ದೊಡ್ಡ ಬಾಟಲಿಗೆ ಅರ್ಧ ದಿನವೇ ಬೇಕಾಗಬಹುದು. ಅವಸರ ಮಾಡಿದರೆ ಹೊರಗಿನ ಜೇನು ಕಾಯುತ್ತದೆ, ನಡುವಿನ ಹರಳು ಹಾಗೆಯೇ ಉಳಿಯುತ್ತದೆ. ಬೆಳಕಿಗೆ ಹಿಡಿದಾಗ ಒಂದು ಹರಳೂ ಕಾಣದಿರುವವರೆಗೆ ಮುಂದುವರಿಸಬೇಕು. ಉಳಿದ ಸಣ್ಣ ಹರಳುಗಳೇ ಮುಂದಿನ ಹರಳಿಗೆ ಬೀಜವಾಗಿ, ಕೆಲವೇ ದಿನಗಳಲ್ಲಿ ಜೇನು ಮತ್ತೆ ಗಟ್ಟಿಯಾಗುತ್ತದೆ.

ಓದುಗರು ಹೆಚ್ಚಾಗಿ ತಪ್ಪುವುದು ಒಲೆಯ ಮೇಲೆ. ಬಾಟಲಿಯನ್ನು ಕುದಿಯುವ ನೀರಿನಲ್ಲಿ ಬಿಡುವುದು, ಜೇನನ್ನು ಬೋಗುಣಿಗೆ ಸುರಿದು ಗ್ಯಾಸಿನ ಉರಿಗೆ ಇಡುವುದು, ಮೈಕ್ರೋವೇವಿನಲ್ಲಿ ತಿರುಗಿಸುವುದು, ಈ ಮೂರರಲ್ಲಿಯೂ ಜೇನು ಬೇಗ ಕರಗುತ್ತದೆ. ಆದರೆ ಅತಿಯಾದ ಶಾಖಕ್ಕೆ ಅದರ ಕಿಣ್ವಗಳು ನಾಶವಾಗುತ್ತವೆ, ಪರಿಮಳ ಹಾರುತ್ತದೆ, ಬಣ್ಣ ಕಪ್ಪಾಗುತ್ತದೆ, ಮತ್ತು ಫ್ರಕ್ಟೋಸ್ ಒಡೆದು ಎಚ್‌ಎಂಎಫ್ ಎಂಬ ರಾಸಾಯನಿಕ ಹುಟ್ಟುತ್ತದೆ. ಜೇನು ಎಷ್ಟು ಕಾದಿದೆ, ಎಷ್ಟು ಹಳೆಯದಾಗಿದೆ ಎಂಬುದನ್ನು ಪ್ರಯೋಗಾಲಯದವರು ಅಳೆಯುವುದು ಇದರಿಂದಲೇ. ನಮ್ಮ ನಿಯಮದ ಪ್ರಕಾರ ಅದು ಒಂದು ಕಿಲೋ ಜೇನಿನಲ್ಲಿ 80 ಮಿಲಿಗ್ರಾಂ ಮೀರಬಾರದು. ಪ್ಲಾಸ್ಟಿಕ್ ಬಾಟಲಿಯಲ್ಲಿಯೇ ಬಿಸಿ ಮಾಡುವುದೂ ಬೇಡ. ಜೇನನ್ನು ಚಮಚದಿಂದ ಗಾಜಿಗೆ ತೆಗೆದುಕೊಂಡು ಆಮೇಲೆ ಕರಗಿಸಿ.

4. ಇಡುವ ಜಾಗ, ಇಡುವ ಪಾತ್ರೆ

ನಮ್ಮ ಭಾಗದಲ್ಲಿ ಜೇನಿಗೆ ಚಳಿಗಿಂತ ದೊಡ್ಡ ಶತ್ರು ಬೇಸಿಗೆ. ಚಳಿ ಮಾಡಿದ ಹರಳನ್ನು ಕರಗಿಸಬಹುದು, ಬೇಸಿಗೆ ಮಾಡಿದ ಹಾನಿಯನ್ನು ಸರಿಪಡಿಸಲು ಬರುವುದಿಲ್ಲ. 30 ಡಿಗ್ರಿಯಲ್ಲಿ ಹಲವು ತಿಂಗಳು ಹಿಡಿಯುವ ಎಚ್‌ಎಂಎಫ್ ಏರಿಕೆ 40 ಡಿಗ್ರಿಯಲ್ಲಿ ಕೆಲವೇ ವಾರಗಳಲ್ಲಿ ಆಗುತ್ತದೆ. ತಗಡಿನ ಛಾವಣಿಯ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಕಪಾಟಿನಲ್ಲಿ ಮೇ ತಿಂಗಳು ಕಳೆದ ಜೇನು ಜೂನಿನ ಹೊತ್ತಿಗೆ ಕಪ್ಪಾಗಿ, ಸ್ವಲ್ಪ ಸುಟ್ಟ ಬೆಲ್ಲದ ವಾಸನೆ ಬರುವುದು ಇದೇ ಕಾರಣದಿಂದ. ಶಹಾಬಾದ್ ಕಲ್ಲಿನ ಗೋಡೆಯ ಮನೆಯಿದ್ದವರು ಬಾಟಲಿಯನ್ನು ಒಳಕೋಣೆಯ ನೆಲಕ್ಕೆ ಹತ್ತಿರದ ಗೂಡಿನಲ್ಲಿ, ಬೆಳಕು ಬೀಳದಂತೆ ಇಡಲಿ. ಅಂಥ ಜಾಗ ಮನೆಯ ಉಳಿದ ಭಾಗಕ್ಕಿಂತ ತಂಪಾಗಿರುತ್ತದೆ. ಫ್ರಿಜ್ಜಿನಲ್ಲಿ ಇಟ್ಟರೆ ಜೇನು ಕೆಡುವುದಿಲ್ಲ, ಆದರೆ ಬೇಗ ಗಟ್ಟಿಯಾಗುತ್ತದೆ, ವಿಶೇಷವಾಗಿ ಅಷ್ಟು ತಣ್ಣಗಿರದ ಬಾಗಿಲಿನ ಗೂಡಿನಲ್ಲಿ. ಹೊರಗೆ ತಂಪು ಜಾಗವೇ ಇಲ್ಲದವರು ಕಡು ಬೇಸಿಗೆಯ ಎರಡು ತಿಂಗಳು ಅಲ್ಲಿಟ್ಟು, ಗಟ್ಟಿಯಾದುದನ್ನೇ ತಿನ್ನುವುದು ನನ್ನ ಅಭಿಪ್ರಾಯದಲ್ಲಿ ಒಳ್ಳೆಯದು.

ಮಳೆಗಾಲದ ಅಪಾಯ ಬೇರೆ. ಜೇನು ಗಾಳಿಯಿಂದ ತೇವವನ್ನು ಹೀರುವ ಪದಾರ್ಥ. ಮುಚ್ಚಳ ಸಡಿಲವಿದ್ದರೆ ಮೇಲಿನ ಪದರು ತೆಳುವಾಗುತ್ತದೆ, ಹುದುಗುವುದು ಅಲ್ಲಿಂದಲೇ ಆರಂಭವಾಗುತ್ತದೆ. ಒದ್ದೆ ಚಮಚ ಅದ್ದುವುದೂ ಅದೇ ಕೆಲಸವನ್ನು ಮಾಡುತ್ತದೆ. ಪಾತ್ರೆಯ ವಿಷಯದಲ್ಲಿ, ಜೇನು ನಾಲಿಗೆಗೆ ಸಿಹಿಯಾದರೂ ಸ್ವಭಾವದಲ್ಲಿ ಆಮ್ಲ, ಎಂದರೆ ಹುಳಿ ಗುಣದ್ದು ಎಂಬುದು ನೆನಪಿರಲಿ. ಕಬ್ಬಿಣ, ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಅದನ್ನು ಇಡಬಾರದು. ಬೀದರಿನವರಿಗೆ ಒಂದು ಮಾತು ಹೆಚ್ಚಾಗಿ ಹೇಳುತ್ತೇನೆ: ಮದುವೆಯಲ್ಲಿ ಉಡುಗೊರೆ ಬಂದ ಬಿದರಿ ಡಬ್ಬಿ ಎಷ್ಟೇ ಚೆಂದವಿದ್ದರೂ ಅದು ಬಹುಪಾಲು ಸತುವಿನ ಮಿಶ್ರಲೋಹ, ಅದರಲ್ಲಿ ಜೇನು ತುಂಬಿಡಬೇಡಿ.

5. ಮನೆಯಲ್ಲಿ ಕೂಸು ಇದ್ದರೆ

ಮಣ್ಣು, ದೂಳಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಪರಿಸ್ಥಿತಿ ಒಗ್ಗದಿದ್ದಾಗ ಅದು ಗಟ್ಟಿ ಕವಚದೊಳಗೆ ಮಲಗಿಬಿಡುತ್ತದೆ. ಆ ರೂಪಕ್ಕೆ ಬೀಜಾಣು ಎನ್ನುತ್ತಾರೆ. ಗಾಳಿಯ ದೂಳಿನಿಂದಲೋ ಹುಳಗಳ ಮೈಗೆ ಅಂಟಿಯೋ ಬೀಜಾಣು ಜೇನಿನೊಳಗೆ ಸೇರಬಹುದು. ಸಕ್ಕರೆಯ ಸಾಂದ್ರತೆ ಮತ್ತು ಆಮ್ಲದ ಕಾರಣ ಜೇನಿನಲ್ಲಿ ಅದು ಮೊಳೆಯಲಾರದು, ಆದರೆ ಸಾಯುವುದೂ ಇಲ್ಲ. ವಾಸನೆ, ಬಣ್ಣ, ರುಚಿ ಯಾವುದರಿಂದಲೂ ಅದು ಗೊತ್ತಾಗುವುದಿಲ್ಲ. ಜೇನು ಹರಳುಗಟ್ಟಿದೆಯೋ ಇಲ್ಲವೋ, ಹೊಲದ್ದೋ ಅಂಗಡಿಯದ್ದೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ದೊಡ್ಡವರ ಹೊಟ್ಟೆಗೆ ಬೀಜಾಣು ಹೋದರೆ, ಕರುಳಿನಲ್ಲಿ ಆಗಲೇ ನೆಲೆಸಿರುವ ಲಕ್ಷಾಂತರ ಸಾಧು ಬ್ಯಾಕ್ಟೀರಿಯಾಗಳ ನಡುವೆ ಅದಕ್ಕೆ ಜಾಗ ಸಿಗದೆ ಹೊರಗೆ ಹೋಗುತ್ತದೆ. ಕೂಸಿನ ಕರುಳಿನಲ್ಲಿ ಆ ನೆಲೆ ಇನ್ನೂ ಕಟ್ಟಿರುವುದಿಲ್ಲ. ಅಲ್ಲಿ ಬೀಜಾಣು ಮೊಳೆತು, ಬೆಳೆದು, ವಿಷವನ್ನು ಉತ್ಪಾದಿಸುತ್ತದೆ. ನರದಿಂದ ಸ್ನಾಯುವಿಗೆ ಹೋಗಬೇಕಾದ ಸಂಕೇತವನ್ನು ಈ ವಿಷ ತಡೆಯುತ್ತದೆ, ಸ್ನಾಯುಗಳು ಒಂದೊಂದಾಗಿ ಸಡಿಲವಾಗುತ್ತವೆ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಇದನ್ನು ಶಿಶುಗಳ ಬೊಟುಲಿಸಂ ಎನ್ನುತ್ತಾರೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಮೊದಲು ಗುರುತಿಸಿದರು. ಬಹುತೇಕ ಪ್ರಕರಣಗಳು ಆರು ತಿಂಗಳೊಳಗಿನ ಕೂಸುಗಳಲ್ಲಿ ಕಂಡುಬಂದಿವೆ. ಬೀಜಾಣು ದೂಳಿನಿಂದಲೂ ಬರಬಹುದು, ಅದನ್ನು ನಾವು ಪೂರ್ತಿ ತಡೆಯಲಾರೆವು. ಜೇನನ್ನು ತಡೆಯುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ.

ಈಗ ಕಾಯಿಸುವ ಪ್ರಶ್ನೆಗೆ ಬರೋಣ. ನಾವು ಹರಳು ಕರಗಿಸಿದ 45 ಡಿಗ್ರಿ ಬೀಜಾಣುವಿಗೆ ಏನೂ ಅಲ್ಲ. ಕುದಿಯುವ ನೀರಿನ 100 ಡಿಗ್ರಿಯನ್ನೂ ಅದು ಗಂಟೆಗಟ್ಟಲೆ ತಾಳಿಕೊಳ್ಳಬಲ್ಲದು. ಅದನ್ನು ನಾಶಮಾಡಲು ಕಾರ್ಖಾನೆಗಳಲ್ಲಿ ಒತ್ತಡದ ಆವಿಯಿಂದ 121 ಡಿಗ್ರಿಗೆ ಏರಿಸುತ್ತಾರೆ. ಮನೆಯ ಕುಕ್ಕರಿನಲ್ಲಿ ಜೇನಿನ ನಡುಭಾಗ ಅಷ್ಟು ಶಾಖಕ್ಕೆ ಏರಿತು ಎಂದು ಖಾತರಿ ಪಡಿಸಿಕೊಳ್ಳುವ ಬಗೆಯೇ ಇಲ್ಲ, ಏರಿದರೂ ಉಳಿಯುವುದು ಜೇನಲ್ಲ, ಸುಟ್ಟ ಪಾಕ. ಆದುದರಿಂದ ಜೇನು ಹಾಕಿ ಬೇಯಿಸಿದ ರಾಗಿ ಸರಿ, ಜೇನು ಬೆರೆತ ಬಿಸ್ಕೀಟು ಇವನ್ನೂ ಒಂದು ವರ್ಷದೊಳಗಿನ ಕೂಸಿಗೆ ಕೊಡಬಾರದು.

ಕೂಸಿನ ಬಾಯಿಗೆ ಜೇನು ಹೋಗುವ ದಾರಿಗಳು ನಮ್ಮ ಮನೆಗಳಲ್ಲಿ ಹಲವು. ಹುಟ್ಟಿದ ಕೂಡಲೇ ನಾಲಿಗೆಗೆ ಮುಟ್ಟಿಸುವುದು, ಬಜೆ, ಜಾಯಿಕಾಯಿ, ಅಳಲೆಕಾಯಿಯ ಗುಟ್ಟಿಯನ್ನು ಜೇನಿನಲ್ಲಿ ತೇಯುವುದು, ತೊಟ್ಟಿಲ ಕಾರ್ಯಕ್ಕೆ ಬಂದ ಹಿರಿಯರು ಬೆರಳಿಂದ ನೆಕ್ಕಿಸುವುದು, ಕೂಸು ಹಾಲು ಹಿಡಿಯಲಿ ಎಂದು ಮೊಲೆತೊಟ್ಟಿಗೆ ಸವರುವುದು, ಅಳು ನಿಲ್ಲಿಸುವ ರಬ್ಬರ್ ನಿಪ್ಪಲನ್ನು ಅದ್ದಿ ಕೊಡುವುದು, ಕೆಮ್ಮಿನ ಪುಡಿಯನ್ನು ಕಲಸುವುದು. ಇವುಗಳಲ್ಲಿ ಪ್ರತಿಯೊಂದರಲ್ಲಿಯೂ ಬಳಸುವುದು ಒಂದೇ ಹನಿಯಾದರೂ ಹನಿ ಸಣ್ಣದೆಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಹೊಟ್ಟೆಗೆ ಹೋಗುವುದು ವಿಷದ ಪ್ರಮಾಣವಲ್ಲ, ಒಳಗೆ ಮೊಳೆಯುವ ಬೀಜ. ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರನ್ನೂ ಕೊಡಬಾರದು ಎಂದು ಆಶಾ ಕಾರ್ಯಕರ್ತೆಯರು ಹೇಳುವ ಮಾತನ್ನು ಪಾಲಿಸಿದರೆ ಈ ದಾರಿಗಳಲ್ಲಿ ಹೆಚ್ಚಿನವು ತಾವಾಗಿಯೇ ಮುಚ್ಚುತ್ತವೆ. ಔಷಧವನ್ನು ಜೇನಿನಲ್ಲಿ ಕೊಡಿ ಎಂದು ಯಾರಾದರೂ ಹೇಳಿದರೆ, ಕೂಸಿನ ವಯಸ್ಸು ತಿಳಿಸಿ ಬೇರೆ ಬಗೆಯನ್ನು ವೈದ್ಯರಿಂದ ಕೇಳಿಕೊಳ್ಳಿ.

ಹಿರಿಯರಿಗೆ ಇದನ್ನು ಹೇಳುವುದು ಸುಲಭವಲ್ಲ ಎಂಬುದು ನನಗೆ ಗೊತ್ತಿದೆ. “ನಿಮಗೆಲ್ಲಾ ಜೇನು ನೆಕ್ಕಿಸೇ ಬೆಳಿಸೀವಿ, ಏನಾಗ್ಯಾದ?” ಎಂದು ಅವರು ಕೇಳುತ್ತಾರೆ, ಮತ್ತು ಅವರ ಅನುಭವ ಸುಳ್ಳಲ್ಲ. ಎಲ್ಲ ಜೇನಿನಲ್ಲಿಯೂ ಬೀಜಾಣು ಇರುವುದಿಲ್ಲ, ಇದ್ದರೂ ಎಲ್ಲ ಕೂಸುಗಳಲ್ಲಿ ಮೊಳೆಯುವುದಿಲ್ಲ; ಕಾಯಿಲೆ ಅಪರೂಪದ್ದೇ. ಆದರೆ ಯಾವ ಬಾಟಲಿ, ಯಾವ ಕೂಸು ಎಂದು ಮೊದಲೇ ತಿಳಿಯುವ ಉಪಾಯ ಯಾರ ಬಳಿಯೂ ಇಲ್ಲ. ಅವರ ಮನಸ್ಸು ನೋಯದಂತೆ, “ಅತ್ತೀ, ಹುಟ್ಟಿದ ಹಬ್ಬ ಆಗಲಿ, ಆಮ್ಯಾಲ ನೀವೇ ನಿಮ್ಮ ಕೈಯಾರೆ ನೆಕ್ಕಿಸ್ರಿ” ಎನ್ನಬಹುದು. ಹನ್ನೆರಡು ತಿಂಗಳು ಪೂರ್ತಿ ತುಂಬಿದ ಮಗುವಿಗೆ ಜೇನು ಕೊಡಬಹುದು. ಬಾಣಂತಿ ಸ್ವತಃ ಜೇನು ತಿನ್ನಬಹುದು, ಅದರಿಂದ ಎದೆಹಾಲಿಗೆ ಬೀಜಾಣುವಾಗಲಿ ವಿಷವಾಗಲಿ ಬರುವುದಿಲ್ಲ. ತಿಂದ ಕೈಯನ್ನು ಸೋಪಿನಿಂದ ತೊಳೆದು ಕೂಸನ್ನು ಎತ್ತಿಕೊಂಡರೆ ಸಾಕು.

ಆಗಲೇ ಕೊಟ್ಟುಬಿಟ್ಟಿದ್ದರೆ

ಗಾಬರಿಯಿಂದ ವಾಂತಿ ಮಾಡಿಸಲು ಹೋಗಬೇಡಿ. ಮತ್ತೆ ಕೊಡದೆ, ಕೊಟ್ಟ ದಿನಾಂಕವನ್ನು ಬರೆದಿಟ್ಟು, ಒಂದು ತಿಂಗಳವರೆಗೆ ಕೂಸನ್ನು ಗಮನಿಸಿ. ಲಕ್ಷಣಗಳು ಮೂರು ದಿನದಿಂದ ಮೂವತ್ತು ದಿನದೊಳಗೆ ಯಾವಾಗ ಬೇಕಾದರೂ ಕಾಣಿಸಬಹುದು. ಬಹಳ ಸಲ ಮೊದಲು ಕಾಣುವುದು ಮಲಬದ್ಧತೆ. ಮನೆಯವರು ಅದನ್ನು ಸಾಮಾನ್ಯ ಎಂದುಕೊಂಡು ಮತ್ತೊಂದು ಗುಟ್ಟಿ ಹಾಕುವ ಸಾಧ್ಯತೆ ಇರುವುದರಿಂದ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಆಮೇಲೆ ಕೂಸು ಹಾಲನ್ನು ಮೊದಲಿನಷ್ಟು ಬಿಗಿಯಾಗಿ ಚೀಪುವುದಿಲ್ಲ, ಅಳು ಕ್ಷೀಣವಾಗುತ್ತದೆ, ರೆಪ್ಪೆಗಳು ಇಳಿಬೀಳುತ್ತವೆ, ಮುಖದಲ್ಲಿ ಭಾವ ಕಾಣದು, ಆಗಲೇ ನಿಲ್ಲುತ್ತಿದ್ದ ಕತ್ತು ಮತ್ತೆ ವಾಲುತ್ತದೆ, ಎತ್ತಿಕೊಂಡರೆ ಕೈಕಾಲು ಜೋತುಬೀಳುತ್ತವೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ, ಆದುದರಿಂದ ಜ್ವರ ಬಂದಿಲ್ಲ ಎಂದು ಕಾಯಬೇಡಿ.

ಮಲಬದ್ಧತೆಯ ಜೊತೆ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಮಕ್ಕಳ ತಜ್ಞರಿರುವ ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟವಾಗಿದ್ದರೆ ಅಥವಾ ಹಾಲು ನುಂಗಲಾಗದೆ ಹೊರಗೆ ಬರುತ್ತಿದ್ದರೆ 108ಕ್ಕೆ ಕರೆ ಮಾಡಿ, ದಾರಿಯಲ್ಲಿ ಬಾಯಿಗೆ ಏನನ್ನೂ ಹಾಕಬೇಡಿ. ಆಸ್ಪತ್ರೆಯಲ್ಲಿ ಸಕಾಲಕ್ಕೆ ಉಸಿರಾಟಕ್ಕೆ ಆಸರೆ ಮತ್ತು ಆಹಾರ ಸಿಕ್ಕಿದ ಕೂಸುಗಳು ವಾರಗಟ್ಟಲೆ ಹಿಡಿದರೂ ಬಹುತೇಕ ಪೂರ್ತಿ ಚೇತರಿಸಿಕೊಳ್ಳುತ್ತವೆ. ವೈದ್ಯರ ಮುಂದೆ ಕುಳಿತ ಕೂಡಲೇ, ಅವರು ಕೇಳುವವರೆಗೂ ಕಾಯದೆ, ಕೂಸಿಗೆ ಜೇನು ಕೊಟ್ಟಿದ್ದೇವೆ ಎಂದೂ ಯಾವ ದಿನ ಕೊಟ್ಟೆವು ಎಂದೂ ಹೇಳಿ. ಈ ಕಾಯಿಲೆ ಅಪರೂಪವಾದುದರಿಂದ ಅದು ಅವರಿಗೆ ಒಡನೆ ಹೊಳೆಯದಿರಬಹುದು. ಇಂಥ ಕೂಸಿಗೆ ಕೆಲವು ಆ್ಯಂಟಿಬಯಾಟಿಕ್‌ಗಳು ಸ್ನಾಯುಗಳ ನಿಶ್ಶಕ್ತಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು ಎಂಬ ಅವರ ತೀರ್ಮಾನಕ್ಕೆ ನಿಮ್ಮ ಆ ಒಂದು ಮಾತು ಬೇಕಾಗುತ್ತದೆ.